ಟವರ್ ನಿಲ್ಲುವುದು ಮಣ್ಣಿನ ಹಿಡಿತದಲ್ಲಿ

ಹೊಲದ ನಡುವೆ ನಿಂತ ಹೈಟೆನ್ಷನ್ ಟವರನ್ನು ನೋಡಿದವರಿಗೆ, ಅದರ ಅಡಿಪಾಯ ಇರುವುದು ಭಾರ ಹೊರಲು ಎನಿಸುವುದು ಸಹಜ. ಮನೆಯ ಅಡಿಪಾಯ ಮಾಡುವುದು ಅದನ್ನೇ. ಟವರಿನ ಲೆಕ್ಕ ಬೇರೆ. ಉಕ್ಕಿನ ಆ್ಯಂಗಲ್‌ಗಳನ್ನು ಬೋಲ್ಟು ಹಾಕಿ ಜೋಡಿಸಿದ ಈ ಚೌಕಟ್ಟು ತನ್ನ ಎತ್ತರಕ್ಕೆ ಹೋಲಿಸಿದರೆ ಬಹಳ ಹಗುರ. ಬೇಸಿಗೆಯ ಕೊನೆಗೆ ಬಿರುಗಾಳಿ ಲೈನಿಗೆ ಅಡ್ಡವಾಗಿ ಬೀಸಿದಾಗ ತಂತಿಗಳ ಮೇಲಿನ ಒತ್ತಡವೆಲ್ಲ ಟವರಿನ ಮೇಲ್ಭಾಗಕ್ಕೆ ಬರುತ್ತದೆ. ಆಗ ಗಾಳಿಯ ಆಚೆ ಬದಿಯ ಎರಡು ಕಾಲುಗಳು ನೆಲವನ್ನು ಒತ್ತುತ್ತವೆ, ಈಚೆ ಬದಿಯ ಎರಡು ಕಾಲುಗಳು ನೆಲದಿಂದ ಮೇಲಕ್ಕೆ ಕಿತ್ತು ಬರಲು ನೋಡುತ್ತವೆ. ಅಡಿಪಾಯದ ವಿನ್ಯಾಸಕಾರನ ತಲೆನೋವು ಬಹುಪಾಲು ಈ ಎರಡನೆಯದೇ. ಎಂಜಿನಿಯರ್‌ಗಳು ಇದನ್ನು ಅಪ್‌ಲಿಫ್ಟ್ ಎನ್ನುತ್ತಾರೆ.

ಕಾಲು ಕಿತ್ತು ಬರದಂತೆ ತಡೆಯುವುದು ಏನು? ನೆಲದೊಳಗೆ ಕಾಂಕ್ರೀಟಿನ ಅಗಲವಾದ ಪಾದವಿದೆ. ಅದರ ಮೇಲೆ ಚಿಮ್ನಿ ಎಂದು ಕರೆಯುವ ಕಾಂಕ್ರೀಟ್ ಕಂಬವಿದೆ. ಪಾದ ಮೇಲೇಳಬೇಕಾದರೆ ತನ್ನ ಮೇಲಿರುವ ಮಣ್ಣನ್ನೆಲ್ಲ ಎತ್ತಬೇಕು. ಆ ಮಣ್ಣು ಪಾದದ ಅಗಲಕ್ಕಷ್ಟೇ ಸೀಮಿತವಲ್ಲ, ಮೇಲೆ ಬಂದಂತೆ ಅಗಲವಾಗುತ್ತಾ ಹೋಗುತ್ತದೆ. ಆಳವಾಗಿ ನೆಟ್ಟ ದನದ ಗೂಟವನ್ನು ಜಗ್ಗಿದಾಗ ಸುತ್ತಲಿನ ಹೆಂಟೆಯೂ ಬಿರಿದು ಏಳುತ್ತದಲ್ಲ, ಹಾಗೆ. ಎಂದರೆ ಟವರನ್ನು ಹಿಡಿದಿರುವುದು ಅರ್ಧ ಕಾಂಕ್ರೀಟ್, ಅರ್ಧ ಮಣ್ಣು.

ಈ ಮಾತು ಮನಸ್ಸಿಗೆ ಬಂದರೆ, ಟವರ್ ಅಡಿಪಾಯದ ತಪಾಸಣಾ ವರದಿಯ ಪ್ರತಿ ಸಾಲಿನ ಅರ್ಥವೂ ಬಿಡಿಸಿಕೊಳ್ಳುತ್ತದೆ. ಆ ವರದಿಯಲ್ಲಿ ಮೂರು ಭಾಗಗಳಿರುತ್ತವೆ: ಗುಂಡಿಯ ಪರಿಶೀಲನೆ, ಕಾಂಕ್ರೀಟಿನ ಪರೀಕ್ಷೆ, ಸ್ಟಬ್‌ನ ಜೋಡಣೆ. ಪ್ರತಿ ಟವರಿಗೂ ಲೊಕೇಶನ್ ನಂಬರ್ ಇರುತ್ತದೆ. ನಾಲ್ಕು ಕಾಲುಗಳಿಗೆ ಎ, ಬಿ, ಸಿ, ಡಿ ಎಂಬ ಗುರುತು ಇರುತ್ತದೆ. ಗುತ್ತಿಗೆದಾರನ ಕಡೆಯವರು ಮತ್ತು ಲೈನಿನ ಮಾಲೀಕ ಸಂಸ್ಥೆಯ ಎಂಜಿನಿಯರ್ ಇಬ್ಬರೂ ಸಹಿ ಮಾಡುತ್ತಾರೆ. ಮಣ್ಣು ಮುಚ್ಚಿದ ಮೇಲೆ ಒಳಗೆ ಏನಿದೆ ಎಂದು ಹೇಳಲು ಉಳಿಯುವ ಸಾಕ್ಷಿ ಇದೊಂದೇ.

ಗುಂಡಿ ಹೇಳುವ ಸತ್ಯ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದ ಅಂಚಿನಲ್ಲಿ, 220 ಕೆ.ವಿ. ಲೈನಿನ ಒಂದು ಟವರ್ ಬರಬೇಕಿದೆ ಎನ್ನೋಣ. ಸರ್ವೆ ನಡೆದದ್ದು ಬೇಸಿಗೆಯಲ್ಲಿ, ಕಾಲುವೆಗೆ ನೀರು ನಿಲ್ಲಿಸಿದ್ದಾಗ. ಆಗ ನೆಲ ಒಣಗಿತ್ತು. ಹಾಗಾಗಿ ಆ ಲೊಕೇಶನ್‌ಗೆ ಒಣ ಮಣ್ಣಿನ ಅಡಿಪಾಯದ ಡ್ರಾಯಿಂಗ್ ನಿಗದಿಯಾಯಿತು. ಪಾದ 2.4 ಮೀಟರ್ ಚೌಕ, ಆಳ 3 ಮೀಟರ್. ಒಂದು ಕಾಲನ್ನು ಗಾಳಿ ಕೀಳುವ ಬಲ 50 ಟನ್ ಎಂದು ವಿನ್ಯಾಸ ಹೇಳುತ್ತದೆ. ಈ ಅಂಕಿಗಳು ವಿವರಣೆಗಾಗಿ ಸರಳ ಮಾಡಿಕೊಂಡವು, ಲೆಕ್ಕದ ದಾರಿ ಮಾತ್ರ ಕ್ಷೇತ್ರದಲ್ಲಿ ಬಳಸುವುದೇ.

ಒಳ್ಳೆಯ ಒಣ ಮಣ್ಣಿನಲ್ಲಿ, ಪಾದದ ಅಂಚಿನಿಂದ ಮಣ್ಣು 30 ಡಿಗ್ರಿ ಓರೆಯಾಗಿ ಹೊರಕ್ಕೆ ಹರಡಿಕೊಂಡು ಏಳುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. 3 ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ 2.4 ಮೀಟರ್ ಅಗಲ ಸುಮಾರು 5.9 ಮೀಟರ್ ಆಗುತ್ತದೆ. ಈ ಆಕಾರದೊಳಗಿನ ಮಣ್ಣು ಸುಮಾರು 54 ಘನ ಮೀಟರ್. ಒಂದು ಘನ ಮೀಟರಿಗೆ 1440 ಕಿಲೋ ಎಂದರೆ 78 ಟನ್. 50 ಟನ್ ಕೀಳುವ ಬಲಕ್ಕೆ ಇದು ಸಾಕಷ್ಟು ಭದ್ರ.

ಅಗೆಯುವ ಕೆಲಸ ಶುರುವಾಗುವ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಿದ್ದಾರೆ, ಪಕ್ಕದ ಗದ್ದೆಯಲ್ಲಿ ನಾಟಿ ಆಗಿದೆ. ಸಿ ಕಾಲಿನ ಗುಂಡಿಯಲ್ಲಿ 2 ಮೀಟರ್ ಆಳಕ್ಕೆ ನೀರು ಒಸರತೊಡಗಿತು. ಮೇಸ್ತ್ರಿ ಪಂಪು ಇಟ್ಟು ನೀರು ಎತ್ತಿ ಕೆಲಸ ಮುಂದುವರಿಸಬಹುದು. ಆದರೆ ತಪಾಸಣೆಗೆ ಬಂದ ಎಂಜಿನಿಯರ್ ಇಲ್ಲಿ ಕೆಲಸ ನಿಲ್ಲಿಸಲೇಬೇಕು. ನೆಲದೊಳಗಿನ ನೀರಿನಲ್ಲಿ ನೆನೆದ ಮಣ್ಣು ಅಷ್ಟು ಅಗಲಕ್ಕೆ ಹರಡಿ ಏಳುವುದಿಲ್ಲ, ಅದಕ್ಕೆ ಹಿಡಿಯುವ ಓರೆ 15 ಡಿಗ್ರಿ. ನೀರಿನಲ್ಲಿ ಮುಳುಗಿದ ಮಣ್ಣಿನ ತೂಕವೂ ಕಡಿಮೆ, ಘನ ಮೀಟರಿಗೆ 940 ಕಿಲೋ ಎಂದು ಹಿಡಿಯುತ್ತಾರೆ. ಅದೇ ಪಾದ, ಅದೇ ಆಳ ಇಟ್ಟು ಮತ್ತೆ ಲೆಕ್ಕ ಹಾಕಿದರೆ ಮಣ್ಣು ಸುಮಾರು 31 ಘನ ಮೀಟರಿಗೆ ಇಳಿಯುತ್ತದೆ, ತೂಕ ಸುಮಾರು 30 ಟನ್ ಆಗುತ್ತದೆ. 78 ಇದ್ದದ್ದು 30. ಕಾಂಕ್ರೀಟಿನ ಸ್ವಂತ ತೂಕ ಸೇರಿಸಿಕೊಂಡರೂ 50 ಮುಟ್ಟುವುದಿಲ್ಲ.

ಆ ಟವರ್ ನಿಲ್ಲುತ್ತದೆ, ಹಲವು ವರ್ಷ ನಿಂತೇ ಇರಬಹುದು. ಬೇಕಾದ ವೇಗದ ಗಾಳಿ ಬೇಕಾದ ದಿಕ್ಕಿನಿಂದ ಬಂದ ದಿನ ಮಾತ್ರ ಕೊರತೆ ಬಯಲಾಗುತ್ತದೆ.

ಆದ್ದರಿಂದಲೇ ವರದಿಯ ಮೊದಲ ಭಾಗದಲ್ಲಿ ಗುಂಡಿಯ ಅಳತೆಗಿಂತ ಮೊದಲು ಮಣ್ಣಿನ ವಿವರ ಬರೆಯಬೇಕು. ಮೇಲಿನ ಪದರ ಯಾವುದು, ಎರೆ ಮಣ್ಣು ಎಷ್ಟು ಆಳದವರೆಗೆ ಇದೆ, ಗರಸು ಎಲ್ಲಿ ಶುರುವಾಯಿತು, ಕಲ್ಲು ಸಿಕ್ಕಿತೇ, ನೀರು ಎಷ್ಟು ಆಳದಲ್ಲಿ ಕಂಡಿತು ಎಂದು ಪ್ರತಿ ಕಾಲಿಗೂ ಬೇರೆ ಬೇರೆ ದಾಖಲಿಸಬೇಕು. ಬಳಕೆಯಲ್ಲಿರುವ ವಿಂಗಡಣೆಯಲ್ಲಿ ನೆಲದಿಂದ 1.5 ಮೀಟರಿಗಿಂತ ಕೆಳಗೆ ನೀರು ಸಿಕ್ಕರೆ ಅದು ತೇವದ ಜಾಗ. 0.75 ಮೀಟರಿನಿಂದ 1.5 ಮೀಟರ್ ನಡುವೆ ಸಿಕ್ಕರೆ ಭಾಗಶಃ ಮುಳುಗಿದ್ದು. ಅದಕ್ಕಿಂತ ಮೇಲೆ ಸಿಕ್ಕರೆ ಪೂರ್ಣ ಮುಳುಗಿದ್ದು. ಪ್ರತಿ ವರ್ಗಕ್ಕೂ ಬೇರೆ ಡ್ರಾಯಿಂಗ್, ಬೇರೆ ಪಾದ. ನಮ್ಮ ಉದಾಹರಣೆಯ ಲೊಕೇಶನ್ ಒಣ ವರ್ಗದಿಂದ ತೇವದ ವರ್ಗಕ್ಕೆ ಹೋಗಬೇಕು, ಪಾದ ಅಗಲವಾಗಬೇಕು, ಗುಂಡಿಯನ್ನು ಹೊಸ ಅಳತೆಗೆ ಬಿಡಿಸಬೇಕು. ಇದರಿಂದ ಕೆಲಸ ಕೆಲವು ದಿನ ತಡವಾಗುತ್ತದೆ, ಖರ್ಚೂ ಏರುತ್ತದೆ. ವರ್ಗ ಬದಲಿಸಲು ಎಲ್ಲರೂ ಹಿಂದೇಟು ಹಾಕುವುದು ಇದೇ ಕಾರಣಕ್ಕೆ.

ಎರೆ ಮಣ್ಣಿನದು ಇನ್ನೊಂದು ಸ್ವಭಾವ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಮಣ್ಣು ಚಿಮ್ನಿಯನ್ನು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಎರೆ ಭೂಮಿಗೆ ಪ್ರತ್ಯೇಕ ವಿನ್ಯಾಸವಿದೆ. ಮರಳಿ ತುಂಬಲು ಹೊರಗಿನಿಂದ ಗರಸು ತರಿಸಬೇಕೆಂಬ ಷರತ್ತೂ ಹಲವೆಡೆ ಇರುತ್ತದೆ.

ಆಮೇಲೆ ಆಳ. ನಮ್ಮ ಒಣ ಮಣ್ಣಿನ ಲೆಕ್ಕಕ್ಕೇ ಮರಳಿ, 3 ಮೀಟರ್ ಬದಲು 2.7 ಮೀಟರ್ ಅಗೆದು ಬಿಟ್ಟರೆ ಏನಾಗುತ್ತದೆ ನೋಡೋಣ. ಒಂದಡಿಯಷ್ಟೇ ಕಡಿಮೆ, ನೂರಕ್ಕೆ ಹತ್ತು. ಆದರೆ ಎತ್ತಬೇಕಾದ ಮಣ್ಣು 78 ಟನ್‌ನಿಂದ 64 ಟನ್‌ಗೆ ಬೀಳುತ್ತದೆ, ಅಂದರೆ ನೂರಕ್ಕೆ ಹದಿನೆಂಟು ಭಾಗ ಹೋಯಿತು. ಆಳ ಕಡಿಮೆಯಾದಂತೆ ಮೇಲಿನ ಅಗಲವೂ ಕಡಿಮೆಯಾಗುವುದರಿಂದ ಹೀಗೆ. ಅಳತೆಯನ್ನು ಎಲ್ಲಿಂದ ಹಿಡಿಯಬೇಕು ಎಂಬುದೂ ಮುಖ್ಯ. ಅಗೆದ ಮಣ್ಣು ಗುಂಡಿಯ ದಡದಲ್ಲಿ ಹರಡಿದ್ದರೆ, ಅದರ ಮೇಲೆ ಟೇಪಿನ ತುದಿ ಹಿಡಿದಾಗ ಗುಂಡಿ ಅಷ್ಟು ಹೆಚ್ಚು ಆಳ ಕಾಣುತ್ತದೆ. ಸರ್ವೆಯವರು ನೆಟ್ಟ ಮಧ್ಯದ ಗೂಟವನ್ನು ಆಧಾರ ಮಾಡಿಕೊಂಡು ಲೆವೆಲ್ ಯಂತ್ರದಿಂದ ನಾಲ್ಕೂ ಗುಂಡಿಗಳ ತಳ ನೋಡುವುದೇ ಸರಿಯಾದ ಕ್ರಮ. ಇಳಿಜಾರಿನ ಹೊಲದಲ್ಲಂತೂ ಬೇರೆ ದಾರಿಯೇ ಇಲ್ಲ.

ಹೆಚ್ಚು ಅಗೆದರೆ? ಮಣ್ಣು ಹಾಕಿ ಸಮ ಮಾಡುವಂತಿಲ್ಲ. ಹಾಕಿದ ಮಣ್ಣು ಪಾದದ ಕೆಳಗೆ ಕುಸಿಯುತ್ತದೆ. ಹೆಚ್ಚಾದ ಆಳವನ್ನು ತೆಳು ಕಾಂಕ್ರೀಟಿನಿಂದಲೇ ತುಂಬಬೇಕು. ತಳದಲ್ಲಿ ಸಡಿಲ ಮಣ್ಣು, ಕೆಸರು, ನಿಂತ ನೀರು ಇರಬಾರದು. ಹಿಂದಿನ ರಾತ್ರಿ ಮಳೆ ಬಂದು ಗುಂಡಿಯ ತಳ ಮೆತ್ತಗಾಗಿದ್ದರೆ, ಗಟ್ಟಿ ಮಣ್ಣು ಸಿಗುವವರೆಗೆ ಕೆತ್ತಿ ತೆಗೆಯಬೇಕು.

ಗುಂಡಿಯೊಳಗೆ ಇಳಿಯುವವರ ಪ್ರಾಣವೂ ಈ ತಪಾಸಣೆಯ ಭಾಗ. ಅಗೆದ ಮಣ್ಣಿನ ರಾಶಿ ಗುಂಡಿಯ ಅಂಚಿನಿಂದ ಕನಿಷ್ಠ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಸಡಿಲ ಮಣ್ಣಿದ್ದರೆ ಬದಿಗಳಿಗೆ ಹಲಗೆ, ಆಸರೆ ಕೊಡಬೇಕು. ಸುತ್ತ ಬೇಲಿ ಇರಬೇಕು, ಏಕೆಂದರೆ ಹೊಲದಲ್ಲಿ ದನಕರು ಮೇಯುತ್ತವೆ, ಮಕ್ಕಳು ಆಡುತ್ತಾರೆ.

ಕಾಂಕ್ರೀಟು ಮತ್ತು ಅದರ ಕ್ಯೂಬು

ಟವರ್ ಅಡಿಪಾಯಕ್ಕೆ ಸಾಮಾನ್ಯವಾಗಿ ಎಂ20 ದರ್ಜೆಯ ಕಾಂಕ್ರೀಟ್ ಹಾಕುತ್ತಾರೆ. 28 ದಿನ ನೀರುಣಿಸಿದ ಕ್ಯೂಬನ್ನು ಒತ್ತಿದಾಗ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು ಎಂಬುದು ಆ 20ರ ಅರ್ಥ. ಪಾದದ ಕೆಳಗೆ ಮೊದಲು ತೆಳು ಕಾಂಕ್ರೀಟಿನ ಹಾಸು, ಅದರ ಮೇಲೆ ಕಬ್ಬಿಣದ ಜಾಲ, ಆಮೇಲೆ ಪಾದ, ಅದರ ಮೇಲೆ ಚಿಮ್ನಿ. ನೆಲದೊಳಗೆ ತುಕ್ಕು ಹಿಡಿಯದಂತೆ ಕಬ್ಬಿಣದ ಸುತ್ತ ಡ್ರಾಯಿಂಗ್ ಹೇಳಿದಷ್ಟು ಕಾಂಕ್ರೀಟ್ ಹೊದಿಕೆ ಇದೆಯೇ ಎಂದು ಕಾಂಕ್ರೀಟ್ ಸುರಿಯುವ ಮೊದಲೇ ನೋಡಬೇಕು. ಕಂಬಿಯ ಕೆಳಗೆ ಸಿಮೆಂಟ್ ಬಿಲ್ಲೆ ಇಡದೆ, ಕಲ್ಲಿನ ಚೂರು ಕೊಟ್ಟು ಎತ್ತಿದ್ದರೆ ಒಪ್ಪಬಾರದು.

ಇಲ್ಲಿ ಅತಿ ಹೆಚ್ಚು ಕೆಡುವುದು ನೀರಿನ ಲೆಕ್ಕ. ಸೌಮ್ಯ ಪರಿಸರದ ಕೆಲಸಕ್ಕೆ ಭಾರತೀಯ ಮಾನಕ ಐಎಸ್ 456 ಎಂ20ಗೆ ಸಿಮೆಂಟಿನ ತೂಕದ 0.55 ಪಾಲಿಗಿಂತ ಹೆಚ್ಚು ನೀರು ಬಳಸಬೇಡಿ ಎನ್ನುತ್ತದೆ. 50 ಕಿಲೋ ಚೀಲಕ್ಕೆ ಇದು 27.5 ಲೀಟರ್. ಒಂದು ಚೀಲಕ್ಕೆ ಸುಮಾರು 80 ಕಿಲೋ ಮರಳು ಬೀಳುತ್ತದೆ ಎನ್ನೋಣ. ಆ ಮರಳು ನೂರಕ್ಕೆ ಐದರಷ್ಟು ಒದ್ದೆಯಿದ್ದರೆ ಅದರೊಳಗೇ 4 ಲೀಟರ್ ನೀರಿದೆ. ಹಾಗಾಗಿ ಹೊರಗಿನಿಂದ ಹಾಕಬಹುದಾದದ್ದು 23.5 ಲೀಟರ್ ಮಾತ್ರ. ಮೇಸ್ತ್ರಿ ಒದ್ದೆ ಮರಳನ್ನು ಲೆಕ್ಕಕ್ಕೆ ಹಿಡಿಯದೆ 27.5 ಲೀಟರ್ ಪೂರ್ತಿ ಹಾಕಿದ, ಸುರಿಯಲು ಸಲೀಸಾಗಲಿ ಎಂದು ಮೇಲೊಂದು 5 ಲೀಟರ್ ಬಕೆಟ್ಟು ಸುರಿದ ಎಂದಿಟ್ಟುಕೊಳ್ಳಿ. ಒಟ್ಟು 36.5 ಲೀಟರ್, ಅಂದರೆ 0.73 ಪಾಲು. ಸಿಮೆಂಟಿಗೆ ಬೇಡದ ನೀರು ಒಣಗಿ ಹೋದಾಗ ಆ ಜಾಗ ಟೊಳ್ಳಾಗಿ ಉಳಿಯುತ್ತದೆ. ಚೀಲದ ಎಣಿಕೆ ಸರಿಯಿದ್ದರೂ ಕಾಂಕ್ರೀಟ್ ಎಂ20 ಆಗುವುದಿಲ್ಲ.

ಇದನ್ನು ಸ್ಥಳದಲ್ಲೇ ಹಿಡಿಯಲು ಸ್ಲಂಪ್ ಪರೀಕ್ಷೆ ಇದೆ. 300 ಮಿಲಿಮೀಟರ್ ಎತ್ತರದ, ಮೇಲೆ ಕಿರಿದು ಕೆಳಗೆ ಅಗಲವಾದ ತಗಡಿನ ಕೋನಿಗೆ ಕಾಂಕ್ರೀಟನ್ನು ಪದರು ಪದರಾಗಿ ತುಂಬಿ, ಸರಳಿನಿಂದ ಕುತ್ತಿ, ಕೋನನ್ನು ನೇರ ಮೇಲಕ್ಕೆ ಎತ್ತುತ್ತಾರೆ. ಗುಡ್ಡೆ ಎಷ್ಟು ಕುಸಿಯಿತು ಎಂದು ಅಳೆಯುತ್ತಾರೆ. ಒಪ್ಪಿಗೆಯ ಮಿತಿಗಿಂತ ಹೆಚ್ಚು ಕುಸಿದರೆ ನೀರು ಜಾಸ್ತಿಯಾಗಿದೆ ಎಂಬ ಸುಳಿವು. ಐದು ನಿಮಿಷದ ಕೆಲಸವಿದು, ಆದರೆ ಆ ಮಿಶ್ರಣ ಗುಂಡಿಗೆ ಬೀಳುವ ಮೊದಲು ಉತ್ತರ ಕೊಡುವ ಪರೀಕ್ಷೆ ಇದೊಂದೇ. ಕ್ಯೂಬಿನ ಉತ್ತರ ಬರುವುದು ತಿಂಗಳ ನಂತರ.

ಕ್ಯೂಬ್ ಎಂದರೆ 150 ಮಿಲಿಮೀಟರ್ ಚೌಕದ ಕಾಂಕ್ರೀಟ್ ಇಟ್ಟಿಗೆ. ಸುರಿಯುತ್ತಿರುವ ಕಾಂಕ್ರೀಟಿನಿಂದಲೇ ಮಾದರಿ ತೆಗೆದು, ಕಬ್ಬಿಣದ ಅಚ್ಚಿಗೆ ಮೂರು ಪದರಾಗಿ ತುಂಬಿ, ಪ್ರತಿ ಪದರಕ್ಕೆ 35ಕ್ಕೆ ಕಡಿಮೆಯಿಲ್ಲದಂತೆ ಕುತ್ತಬೇಕು. ಮರುದಿನ ಅಚ್ಚಿನಿಂದ ಬಿಡಿಸಿ ನೀರಿನ ತೊಟ್ಟಿಗೆ ಹಾಕಬೇಕು. ಅದರ ಮೇಲೆ ಲೊಕೇಶನ್, ಕಾಲು, ತಾರೀಕು ಬರೆದಿರಬೇಕು. ಎಷ್ಟು ಮಾದರಿ ಎಂಬುದನ್ನು ಐಎಸ್ 456 ಕಾಂಕ್ರೀಟಿನ ಪ್ರಮಾಣದ ಮೇಲೆ ಹೇಳುತ್ತದೆ. 6ರಿಂದ 15 ಘನ ಮೀಟರಿಗೆ ಎರಡು, 16ರಿಂದ 30ಕ್ಕೆ ಮೂರು. ನಮ್ಮ ಟವರಿನ ನಾಲ್ಕು ಕಾಲಿಗೆ ಒಟ್ಟು 28 ಘನ ಮೀಟರ್ ಹೋಗುತ್ತದೆ ಎಂದರೆ ಮೂರು ಮಾದರಿ. ಒಂದು ಮಾದರಿಗೆ ಮೂರು ಕ್ಯೂಬಿನಂತೆ 28ನೇ ದಿನಕ್ಕೆ ಒಂಬತ್ತು ಕ್ಯೂಬು ಬೇಕು. 7ನೇ ದಿನವೂ ನೋಡುವುದಾದರೆ ಅದಕ್ಕೆ ಬೇರೆ ಕ್ಯೂಬು.

ಫಲಿತಾಂಶ ಓದುವುದು ಹೇಗೆ? ಕ್ಯೂಬಿನ ಮುಖ 22,500 ಚದರ ಮಿಲಿಮೀಟರ್. ಒಂದು ಮಾದರಿಯ ಮೂರು ಕ್ಯೂಬುಗಳು 560, 580, 545 ಕಿಲೋನ್ಯೂಟನ್‌ಗೆ ಒಡೆದವು ಎನ್ನೋಣ. ಭಾಗಿಸಿದರೆ 24.9, 25.8, 24.2. ಸರಾಸರಿ 25. ಇದು ಆರೋಗ್ಯವಂತ ಫಲಿತಾಂಶ. ಇನ್ನೊಂದು ಮಾದರಿ 600, 585, 440ಕ್ಕೆ ಒಡೆಯಿತು. ಒಂದೊಂದರ ಬಲ 26.7, 26.0, 19.6. ಸರಾಸರಿ 24, ಇಪ್ಪತ್ತಕ್ಕಿಂತ ಮೇಲೇ ಇದೆ. ಆದರೂ ಇದನ್ನು ಪಾಸು ಎಂದು ಬರೆಯುವಂತಿಲ್ಲ. ಮೂರರಲ್ಲಿ ಯಾವ ಕ್ಯೂಬೂ ಸರಾಸರಿಯಿಂದ ನೂರಕ್ಕೆ 15ಕ್ಕಿಂತ ಹೆಚ್ಚು ಹಿಂದೆಮುಂದೆ ಹೋಗಬಾರದು ಎಂಬುದು ನಿಯಮ. ಮೂರನೆಯದು ನೂರಕ್ಕೆ ಸುಮಾರು 19 ಹಿಂದಿದೆ, ಹಾಗಾಗಿ ಇಡೀ ಮಾದರಿಯೇ ಅಮಾನ್ಯ. ಒಂದೋ ಕ್ಯೂಬು ಮಾಡುವಾಗ ಕೈ ತಪ್ಪಿದೆ, ಇಲ್ಲವೇ ಕಾಂಕ್ರೀಟೇ ಒಂದು ಹದದಲ್ಲಿಲ್ಲ. ಯಾವುದು ಎಂದು ವರದಿ ಉತ್ತರಿಸಬೇಕು. ಮಾದರಿ ಮಾನ್ಯವಾದರೂ ಒಂದೇ ಮಾದರಿಯಿಂದ ತೀರ್ಪು ಮುಗಿಯುವುದಿಲ್ಲ. ಸಾಲಾಗಿ ನಾಲ್ಕು ಮಾದರಿಗಳ ಸರಾಸರಿ ಇಪ್ಪತ್ತನ್ನು ನಿಗದಿತ ಅಂತರದಿಂದ ದಾಟಬೇಕು ಎಂದೂ ಮಾನಕ ಕೇಳುತ್ತದೆ.

ಕ್ಯೂಬಿಗೆ ಒಂದು ಮಿತಿಯಿದೆ. ಅದು ಮಿಶ್ರಣದ ಗುಣ ಹೇಳುತ್ತದೆ, ಗುಂಡಿಯೊಳಗೆ ಕಾಂಕ್ರೀಟ್ ಹೇಗೆ ಕೂತಿದೆ ಎಂದು ಹೇಳುವುದಿಲ್ಲ. ಮೇಲಿನಿಂದ ಒಂದೂವರೆ ಮೀಟರಿಗಿಂತ ಹೆಚ್ಚು ಎತ್ತರದಿಂದ ಸುರಿದರೆ ಜಲ್ಲಿ ಒಂದು ಕಡೆ, ಗಾರೆ ಒಂದು ಕಡೆ ಆಗುತ್ತದೆ. ವೈಬ್ರೇಟರ್ ಸರಿಯಾಗಿ ಆಡಿಸದಿದ್ದರೆ ಚಿಮ್ನಿಯ ಬುಡದಲ್ಲಿ, ಸ್ಟಬ್‌ನ ಸುತ್ತ, ಜೇನುಗೂಡಿನಂಥ ತೂತುಗಳು ಉಳಿಯುತ್ತವೆ. ಪೆಟ್ಟಿಗೆ ಬಿಚ್ಚಿದ ದಿನ ಬ್ಯಾಟರಿ ಹಿಡಿದು ಗುಂಡಿಗೆ ಇಳಿದು ನಾಲ್ಕೂ ಮುಖ ನೋಡಿದವರಿಗೆ ಮಾತ್ರ ಅವು ಕಾಣುತ್ತವೆ. ನೋಡುವ ಮೊದಲೇ ಯಾರಾದರೂ ಸಿಮೆಂಟ್ ಹಾಲು ಬಳಿದಿದ್ದರೆ ಅನುಮಾನಪಡಬೇಕು. ಒಂದೇ ಹಣೆಬರಹದಂತೆ ಎಲ್ಲ ಲೊಕೇಶನ್ನಿನ ಕ್ಯೂಬುಗಳೂ ಒಂದೇ ಅಂಕಿ ಕೊಡುತ್ತಿದ್ದರೆ ಅದಕ್ಕೂ ಅನುಮಾನಪಡಬೇಕು. ನಿಜವಾದ ಕಾಂಕ್ರೀಟ್ ದಿನದಿಂದ ದಿನಕ್ಕೆ ಸ್ವಲ್ಪ ಏರಿಳಿಯುತ್ತದೆ.

ಸ್ಟಬ್: ನಾಲ್ಕು ಕಾಲು, ಒಂದು ಚೌಕ

ಟವರಿನ ಪ್ರತಿ ಕಾಲಿನ ಕೊನೆಯ ತುಂಡು ಕಾಂಕ್ರೀಟಿನೊಳಗೆ ಹೂತಿರುತ್ತದೆ. ಅದೇ ಸ್ಟಬ್. ಅದರ ಕೆಳತುದಿಗೆ ಕ್ಲೀಟ್ ಎಂಬ ಚಿಕ್ಕ ಆ್ಯಂಗಲ್ ತುಂಡುಗಳನ್ನು ಬೋಲ್ಟು ಹಾಕಿರುತ್ತಾರೆ. ಕಾಲನ್ನು ಗಾಳಿ ಜಗ್ಗಿದಾಗ ಆ ಬಲ ಉಕ್ಕಿನಿಂದ ಕಾಂಕ್ರೀಟಿಗೆ ದಾಟುವುದು ಮುಖ್ಯವಾಗಿ ಕ್ಲೀಟುಗಳ ಮೂಲಕ. ಕ್ಲೀಟಿನ ಸಂಖ್ಯೆ, ಬೋಲ್ಟಿನ ಬಿಗಿ, ಸ್ಟಬ್ ಪಾದದೊಳಗೆ ಎಷ್ಟು ಇಳಿದಿದೆ ಎಂಬುದನ್ನು ಕಾಂಕ್ರೀಟಿಗೆ ಮೊದಲು ಎಣಿಸಿ ಬರೆಯಬೇಕು.

ಟವರ್ ಮೇಲೆ ಹೋದಂತೆ ಕಿರಿದಾಗುವುದರಿಂದ ಸ್ಟಬ್ ನೇರ ನಿಲ್ಲುವುದಿಲ್ಲ, ಎರಡು ದಿಕ್ಕಿಗೂ ಒಳಕ್ಕೆ ಓಲಿರುತ್ತದೆ. ನಾಲ್ಕು ಸ್ಟಬ್‌ಗಳನ್ನು ಆ ಓಲಿಕೆಯಲ್ಲೇ, ಸರಿಯಾದ ದೂರದಲ್ಲೇ ಹಿಡಿದಿಡಲು ಟೆಂಪ್ಲೇಟ್ ಎಂಬ ಉಕ್ಕಿನ ಚೌಕಟ್ಟನ್ನು ಬಳಸುತ್ತಾರೆ. ಎಂಜಿನಿಯರ್ ಇಲ್ಲಿ ಐದು ಸಂಗತಿ ನೋಡುತ್ತಾನೆ. ಟವರಿನ ನಡುಮಧ್ಯ ಲೈನಿನ ಮಧ್ಯರೇಖೆಯ ಮೇಲಿದೆಯೇ, ಟವರ್ ಸರಿಯಾದ ದಿಕ್ಕಿಗೆ ಮುಖ ಮಾಡಿದೆಯೇ, ನಾಲ್ಕು ಬದಿಗಳು ಸಮವೇ, ಎರಡು ಕರ್ಣಗಳು ಸಮವೇ, ನಾಲ್ಕು ಸ್ಟಬ್‌ಗಳು ಒಂದೇ ಮಟ್ಟದಲ್ಲಿವೆಯೇ. ಇದರ ಜೊತೆಗೆ ಪ್ರತಿ ಸ್ಟಬ್‌ನ ಓಲಿಕೆಯನ್ನು ತೂಗುಗುಂಡು ಬಿಟ್ಟು ಅಳೆಯಬೇಕು. ಡ್ರಾಯಿಂಗ್‌ನಲ್ಲಿ ಒಂದು ಮೀಟರಿಗೆ 100 ಮಿಲಿಮೀಟರ್ ಎಂದಿದ್ದರೆ, ಎರಡೂ ಮುಖದಲ್ಲಿ ಅಷ್ಟೇ ಬರಬೇಕು.

ಬದಿಗಳನ್ನು ಅಳೆದು ಕರ್ಣ ಬಿಡುವುದು ಇಲ್ಲಿನ ಸಾಮಾನ್ಯ ತಪ್ಪು. ಸ್ಟಬ್‌ಗಳ ನಡುವಿನ ಬದಿ 6 ಮೀಟರ್ ಎನ್ನೋಣ. ಸರಿಯಾದ ಚೌಕದ ಕರ್ಣ 8485 ಮಿಲಿಮೀಟರ್. ಟೆಂಪ್ಲೇಟನ್ನು ಒಂದು ಮೂಲೆಯಲ್ಲಿ ತಳ್ಳಿದರೆ ಚೌಕ ಓರೆಯಾಗುತ್ತದೆ. ಒಂದು ಕರ್ಣ 8500 ಆಗಿ ಇನ್ನೊಂದು 8471ಕ್ಕೆ ಇಳಿಯುತ್ತದೆ. ಆದರೂ ನಾಲ್ಕು ಬದಿಗಳು 6000 ಮಿಲಿಮೀಟರ್ ಆಗಿಯೇ ಉಳಿಯುತ್ತವೆ! ಬದಿ ಮಾತ್ರ ಅಳೆದವನ ವರದಿಯಲ್ಲಿ ಎಲ್ಲವೂ ಸರಿ. ಕರ್ಣಗಳಲ್ಲಿ 29 ಮಿಲಿಮೀಟರ್ ವ್ಯತ್ಯಾಸ. ಆ ಅಡಿಪಾಯದ ಮೇಲೆ ಟವರ್ ಏರಿಸಲು ಬಂದವರಿಗೆ ಕೆಳಗಿನ ಬ್ರೇಸಿಂಗ್‌ನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ.

ಮಟ್ಟದ ತಪ್ಪು ಮೇಲೆ ಹೋಗಿ ದೊಡ್ಡದಾಗುತ್ತದೆ. ಒಂದು ಬದಿಯ ಎರಡು ಸ್ಟಬ್‌ಗಳು ಇನ್ನೊಂದು ಬದಿಗಿಂತ 10 ಮಿಲಿಮೀಟರ್ ತಗ್ಗಿದ್ದರೆ, 6 ಮೀಟರ್ ಬುಡ, 36 ಮೀಟರ್ ಎತ್ತರದ ಟವರಿನ ತುದಿ 60 ಮಿಲಿಮೀಟರ್ ಓಲುತ್ತದೆ. ನಿಂತ ಟವರಿಗೆ ಅನುಮತಿಸಿದ ಓಲಿಕೆ ಎತ್ತರದ 360ನೇ ಒಂದು ಪಾಲು, ಎಂದರೆ ಇಲ್ಲಿ 100 ಮಿಲಿಮೀಟರ್. ಬೆರಳಗಲದ ಆ ತಪ್ಪೊಂದೇ ಅರ್ಧಕ್ಕಿಂತ ಹೆಚ್ಚು ಪಾಲನ್ನು ನುಂಗಿತು. ಟವರ್ ಜೋಡಿಸುವಾಗ ಆಗುವ ಸಣ್ಣಪುಟ್ಟ ವ್ಯತ್ಯಾಸಕ್ಕೆ ಉಳಿದದ್ದು 40 ಮಿಲಿಮೀಟರ್.

ಈ ಅಳತೆಗಳನ್ನು ಎರಡು ಸಲ ಮಾಡಬೇಕು. ಕಾಂಕ್ರೀಟಿಗೆ ಮೊದಲು ಒಮ್ಮೆ, ಸುರಿದು ಅದು ಗಟ್ಟಿಯಾಗುವ ಮೊದಲು ಇನ್ನೊಮ್ಮೆ. ವೈಬ್ರೇಟರ್‌ನ ಸೂಜಿ ಸ್ಟಬ್‌ಗೆ ತಗುಲಿದರೂ, ಒಂದು ಬದಿಯಿಂದಲೇ ಕಾಂಕ್ರೀಟ್ ಸುರಿದರೂ ಸ್ಟಬ್ ಸರಿದುಬಿಡುತ್ತದೆ. ಹಸಿಯಿದ್ದಾಗ ಕಂಡರೆ ಸರಿ ಮಾಡಬಹುದು. ಮರುದಿನ ಕಂಡರೆ ಒಡೆಯಬೇಕು. ಟೆಂಪ್ಲೇಟನ್ನು ಮಣ್ಣು ಮರಳಿ ತುಂಬಿ ಮುಗಿಯುವವರೆಗೆ ಬಿಚ್ಚಬಾರದು ಎಂಬ ನಿಯಮವೂ ಇದಕ್ಕಾಗಿಯೇ. ಒಂದೇ ಟೆಂಪ್ಲೇಟನ್ನು ಮುಂದಿನ ಲೊಕೇಶನ್ನಿಗೆ ಬೇಗ ಒಯ್ಯುವ ಅವಸರದಲ್ಲಿ ಇದು ತಪ್ಪಿಹೋಗುತ್ತದೆ.

ಸ್ಟಬ್ ತಪ್ಪಿದ್ದನ್ನು ವರ್ಷಗಳ ನಂತರವೂ ಗುರುತಿಸಬಹುದು. ಕೆಳಗಿನ ಬ್ರೇಸಿಂಗ್ ಸ್ವಲ್ಪ ಬಾಗಿರುತ್ತದೆ. ಬೋಲ್ಟಿನ ತೂತು ಉದ್ದವಾಗಿ, ಅಂಚು ಸುಟ್ಟಂತೆ ಇರುತ್ತದೆ, ಅಂದರೆ ಗ್ಯಾಸ್ ಕಟರ್‌ನಿಂದ ಹಿಗ್ಗಿಸಿದ್ದಾರೆ. ಸುಟ್ಟ ಜಾಗದಲ್ಲಿ ಸತುವಿನ ಲೇಪ ಹೋಗಿ ತುಕ್ಕು ಶುರುವಾಗಿರುತ್ತದೆ. ಜಗ್ಗಿ ಕೂಡಿಸಿದ ಉಕ್ಕು ಗಾಳಿ ಬರುವ ಮೊದಲೇ ಒತ್ತಡ ಹೊತ್ತು ನಿಂತಿರುತ್ತದೆ.

ಮಣ್ಣು ಮುಚ್ಚುವುದೂ ಒಂದು ಪರೀಕ್ಷೆಯೇ

ಅಡಿಪಾಯದ ಅರ್ಧ ಬಲ ಮಣ್ಣಿನದು ಎಂದ ಮೇಲೆ ಗುಂಡಿ ಮುಚ್ಚುವ ಕೆಲಸವನ್ನು ಕೂಲಿಯವರಿಗೆ ಬಿಟ್ಟು ಹೋಗುವುದು ಆ ಅರ್ಧವನ್ನೇ ಬಿಟ್ಟಂತೆ. ಮಣ್ಣನ್ನು ಅರ್ಧ ಅಡಿಯಿಂದ ಒಂದಡಿಯ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆದು ಬಿಗಿ ಮಾಡಬೇಕು. ಜೆಸಿಬಿಯಿಂದ ಒಂದೇ ಸಲ ತಳ್ಳಿದ ಮಣ್ಣು ಮೊದಲ ಮಳೆಗೆ ಕುಸಿದು ಚಿಮ್ನಿಯ ಸುತ್ತ ಗುಣಿ ಬೀಳುತ್ತದೆ. ಅಂಥ ಸಡಿಲ ಮಣ್ಣಿಗೆ 30 ಡಿಗ್ರಿಯ ಲೆಕ್ಕ ಅನ್ವಯಿಸುವುದಿಲ್ಲ. ಟವರ್ ಏರಿಸುವ ಮೊದಲು ಕಾಂಕ್ರೀಟಿಗೆ ಸಾಮಾನ್ಯವಾಗಿ 14 ದಿನವಾದರೂ ಸಮಯ ಕೊಡುತ್ತಾರೆ. ಚಿಮ್ನಿಯ ತಲೆ ನೆಲದಿಂದ ಮೇಲಿರಬೇಕು, ನೀರು ಹರಿದುಹೋಗುವಂತೆ ಅದರ ಮೇಲ್ಮೈ ಇಳಿಜಾರಾಗಿರಬೇಕು. ಸ್ಟಬ್ ಕಾಂಕ್ರೀಟಿನಿಂದ ಹೊರಬರುವ ಕಡೆ ನೀರು ನಿಂತರೆ ತುಕ್ಕು ಹತ್ತುವುದು ಮೊದಲು ಅಲ್ಲಿಯೇ.

ತಪಾಸಣಾ ವರದಿಯನ್ನು ಗುಂಡಿಯ ದಡದಲ್ಲಿ, ಟೇಪು ಕೈಯಲ್ಲಿರುವಾಗ ಬರೆಯಬೇಕು. ಸಂಜೆ ಕ್ಯಾಂಪಿನಲ್ಲಿ ಕೂತು, ಡ್ರಾಯಿಂಗ್‌ನ ಅಂಕಿಗಳನ್ನೇ ನಾಲ್ಕು ಕಾಲಿಗೂ ನಕಲು ಮಾಡಿ ತುಂಬಿದ ಹಾಳೆಗೆ ಬೆಲೆಯಿಲ್ಲ. ಅದನ್ನು ಗುರುತಿಸುವುದೂ ಸುಲಭ. ನಾಲ್ಕು ಗುಂಡಿಗಳ ಆಳವೂ ಸರಿಯಾಗಿ 3000, ಎರಡು ಕರ್ಣವೂ ಸರಿಯಾಗಿ 8485 ಎಂದಿರುತ್ತದೆ. ಹೊಲದಲ್ಲಿ ಅಗೆದ ಗುಂಡಿ ಹಾಗೆ ಬರುವುದಿಲ್ಲ. 3010, 3025, 3005 ಎಂಬಂಥ ಅಂಕಿಗಳಿರುವ ಹಾಳೆಯೇ ನಂಬಿಕೆಗೆ ಯೋಗ್ಯ.

ಹೊಲದಲ್ಲಿ ಟವರ್ ಇರುವ ರೈತರಿಗೆ ಒಂದು ಮಾತು. ಟವರನ್ನು ಹಿಡಿದಿರುವುದು ಕಾಲಿನ ಸುತ್ತಲಿನ ಮಣ್ಣು. ಮೇಲಿನ ಉದಾಹರಣೆಯಲ್ಲಿ ಅದು ಪ್ರತಿ ಕಾಲಿನ ಸುತ್ತ ಸುಮಾರು ಆರು ಮೀಟರ್ ಅಗಲಕ್ಕೆ ಹರಡಿದೆ. ಆ ಮಣ್ಣನ್ನು ಇಟ್ಟಿಗೆಗೆಂದೋ ರಸ್ತೆಗೆಂದೋ ಯಾರಿಗೂ ಕೊಡಬೇಡಿ. ಅಲ್ಲಿ ಕೃಷಿಹೊಂಡ ತೆಗೆಯಬೇಡಿ, ನೀರು ನಿಲ್ಲಲು ಬಿಡಬೇಡಿ. ಬುಡದ ಮಣ್ಣು ಕುಸಿದದ್ದು ಕಂಡರೆ, ಟವರಿನ ಮೇಲೆ ಬರೆದಿರುವ ಲೊಕೇಶನ್ ನಂಬರ್ ಹೇಳಿ ಹತ್ತಿರದ ವಿದ್ಯುತ್ ಕಚೇರಿಗೆ ತಿಳಿಸಿ. ನಿಮ್ಮ ಹೊಲದಲ್ಲಿ ಈಗ ಗುಂಡಿ ತೆಗೆಯುತ್ತಿದ್ದರೆ, ಎಷ್ಟು ಆಳಕ್ಕೆ ನೀರು ಬಂತು ಎಂದು ಎಂಜಿನಿಯರ್‌ಗೆ ಹೇಳಿ. ನಿಮ್ಮ ಬಾವಿಯಲ್ಲಿ ಮಳೆಗಾಲಕ್ಕೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಸರ್ವೆಯ ಕಾಗದಕ್ಕಿಂತ ನಿಮಗೇ ಚೆನ್ನಾಗಿ ಗೊತ್ತು.